ಮೂಗಿನಲ್ಲಿ ಇಷ್ಟು ಕಪ್ಪು ಸಿಕ್ಕಿಬಿದ್ದಿದೆ, ಮತ್ತೆ ಒಳಗೆ ಹೋಗಿದ್ದು ಯಾವುದು?

ಪ್ರಶ್ನೆ: ದಿನಾ ಬೈಕಿನಲ್ಲಿ ಓಡಾಡುತ್ತೇನೆ. ಸಂಜೆ ಮನೆಗೆ ಬಂದು ಮೂಗು ತೊಳೆದರೆ ಕಪ್ಪಗೆ ಬರುತ್ತದೆ. ಅಂದರೆ ಮೂಗು ಧೂಳು ಹಿಡಿಯುತ್ತಿದೆ ಅಂತ ಆಯ್ತಲ್ವಾ? ಆದರೂ ಸಣ್ಣ ಧೂಳು ಶ್ವಾಸಕೋಶದ ತಳದವರೆಗೆ ಹೋಗುತ್ತದೆ ಅನ್ನುತ್ತಾರೆ. ಅದು ಮೂಗಿನ ಕೂದಲಿನ ಸಂದಿಯಲ್ಲಿ ನುಸುಳಿ ಹೋಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಹೆಚ್ಚಿನವರು ಮೂಗನ್ನು ಒಂದು ಜರಡಿ ಅಂದುಕೊಂಡಿದ್ದಾರೆ. ದಪ್ಪ ಧೂಳು ಜರಡಿಯ ಮೇಲೆ ಉಳಿಯುತ್ತದೆ, ಸಣ್ಣದು ತೂತಿನಲ್ಲಿ ಇಳಿದುಹೋಗುತ್ತದೆ ಎಂಬ ಲೆಕ್ಕ. ಆದರೆ ಮೂಗು ಜರಡಿ ಅಲ್ಲ.

ಅಳತೆ ನೋಡಿದರೆ ಇದು ಗೊತ್ತಾಗುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ರಸ್ತೆಯಲ್ಲಿ ಏಳುವ ಮಣ್ಣಿನ ಧೂಳಿನಲ್ಲಿ 10 ಮೈಕ್ರಾನಿನ ಕಣಗಳು ಬೇಕಾದಷ್ಟು ಇರುತ್ತವೆ. ಮೂಗಿನ ಕೂದಲಿನ ನಡುವಿನ ಸಂದಿ ಬರಿಗಣ್ಣಿಗೇ ಕಾಣುತ್ತದೆ. ಆ ಸಂದಿಗೆ 10 ಮೈಕ್ರಾನ್ ಕಣ ಏನೇನೂ ಅಲ್ಲ. ಇನ್ನೂ ಕೆಳಗೆ, ಶ್ವಾಸಕೋಶದ ಅತಿ ಸಣ್ಣ ಕೊಳವೆಗಳೂ ಸುಮಾರು ಅರ್ಧ ಮಿಲಿಮೀಟರ್ ಅಗಲ ಇವೆ. ಅಲ್ಲಿ 10 ಮೈಕ್ರಾನಿನ ಕಣಗಳನ್ನು ಅಡ್ಡಕ್ಕೆ ಸಾಲಾಗಿ ಜೋಡಿಸಿದರೆ 50 ಕಣ ಹಿಡಿಸುತ್ತವೆ. ತೂತಿನ ಲೆಕ್ಕವೇ ನಿಜವಾಗಿದ್ದರೆ ದಪ್ಪ ಧೂಳೂ ಸಲೀಸಾಗಿ ತಳ ಸೇರಬೇಕಿತ್ತು. ಅದು ಸೇರುವುದಿಲ್ಲ.

ಒಕ್ಕಣೆಯ ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಾ? ಮೊರವನ್ನು ಎತ್ತಿ ಹಿಡಿದು ಸುರಿಯುತ್ತಾರೆ. ಕಾಳು ಕಾಲ ಬುಡದಲ್ಲೇ ಬಿದ್ದು ರಾಶಿಯಾಗುತ್ತದೆ. ಹೊಟ್ಟು ಗಾಳಿ ಹೋದ ಕಡೆಗೆ ಹೋಗುತ್ತದೆ. ಅಲ್ಲಿ ಜರಡಿ ಇಲ್ಲ, ತೂತಿಲ್ಲ. ಎರಡಕ್ಕೂ ಬೀಸಿದ್ದು ಒಂದೇ ಗಾಳಿ. ಕಾಳು ಗಾಳಿಯ ಮಾತು ಕೇಳಲಿಲ್ಲ, ಹೊಟ್ಟು ಕೇಳಿತು, ಅಷ್ಟೇ. ಮೂಗು ಮಾಡುವುದೂ ಇದೇ ಕೆಲಸ.

ಮೂಗಿನೊಳಗೆ ಗಾಳಿಯ ದಾರಿ ನೇರ ಇಲ್ಲ. ಹೊಳ್ಳೆಯಿಂದ ಮೇಲಕ್ಕೆ ಹೋಗಿ, ಹಿಂದಕ್ಕೆ ತಿರುಗಿ, ಗಂಟಲ ಹತ್ತಿರ ಮತ್ತೆ ಕೆಳಕ್ಕೆ ತಿರುಗುತ್ತದೆ. ನಡುವೆ ಗೋಡೆಯಿಂದ ಮಡಿಕೆ ಮಡಿಕೆಯಾಗಿ ಮೂಳೆಗಳು ಚಾಚಿಕೊಂಡಿವೆ. ಅವುಗಳ ಸಂದಿ ಒಂದರಿಂದ ಮೂರು ಮಿಲಿಮೀಟರ್ ಮಾತ್ರ. ಗೋಡೆಗೆಲ್ಲ ಅಂಟು ಲೋಳೆ. ಹೊಳ್ಳೆಯ ಇಕ್ಕಟ್ಟಾದ ಜಾಗದಲ್ಲಿ ಗಾಳಿ ಸೆಕೆಂಡಿಗೆ ಕೆಲವು ಮೀಟರ್ ವೇಗದಲ್ಲಿ ನುಗ್ಗುತ್ತದೆ. ಲೆಕ್ಕಕ್ಕೆ 3 ಮೀಟರ್ ಅಂತ ಇಟ್ಟುಕೊಳ್ಳೋಣ.

ಈಗ ಗಾಳಿ ಗಕ್ಕನೆ ತಿರುಗಿತು. ಕಣಕ್ಕೆ ತಕ್ಷಣ ತಿರುಗಲು ಆಗುವುದಿಲ್ಲ. ಬಂದ ದಿಕ್ಕಿನಲ್ಲೇ ಒಂದಿಷ್ಟು ದೂರ ಮುಂದೆ ಹೋಗಿ, ಆಮೇಲೆ ಗಾಳಿಯ ಹಿಡಿತಕ್ಕೆ ಸಿಗುತ್ತದೆ. 10 ಮೈಕ್ರಾನಿನ ಕಣಕ್ಕೆ ಈ ದೂರ ಸುಮಾರು 1 ಮಿಲಿಮೀಟರ್. ಸಂದಿಯ ಅಗಲವೇ ಅಷ್ಟಿರುವಾಗ ಅದು ಹೋಗಿ ಗೋಡೆಗೆ ಬಡಿಯುತ್ತದೆ, ಲೋಳೆಗೆ ಅಂಟುತ್ತದೆ. ನೀವು ಸಂಜೆ ತೊಳೆಯುವ ಕಪ್ಪಿನಲ್ಲಿ ಹೆಚ್ಚಿನದು ಹೀಗೆ ಬಡಿದು ಅಂಟಿದ್ದು.

2.5 ಮೈಕ್ರಾನಿನ ಕಣಕ್ಕೆ ಅದೇ ತಿರುವಿನಲ್ಲಿ ಈ ದೂರ 0.06 ಮಿಲಿಮೀಟರ್. ಗಾತ್ರ ನಾಲ್ಕು ಪಟ್ಟು ಕಡಿಮೆಯಾಗಿದ್ದಕ್ಕೆ ದೂರ ಹದಿನಾರು ಪಟ್ಟು ಕಡಿಮೆಯಾಯಿತು. ಯಾಕೆ ಅಂದರೆ, ಕಣದ ಅಡ್ಡಳತೆ ನಾಲ್ಕು ಪಟ್ಟು ತಗ್ಗಿದಾಗ ಅದರ ತೂಕ ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ತನಾಲ್ಕು ಪಟ್ಟು ತಗ್ಗುತ್ತದೆ. ಗಾಳಿಯ ಹಿಡಿತ ಮಾತ್ರ ನಾಲ್ಕೇ ಪಟ್ಟು ತಗ್ಗುತ್ತದೆ. ತೂಕ ಹೋಯಿತು, ಹಿಡಿತ ಉಳಿಯಿತು. ಕಾಳಾಗಿದ್ದದ್ದು ಹೊಟ್ಟಾಯಿತು. ಇನ್ನು ಅದು ಗಾಳಿ ತಿರುಗಿದ ಕಡೆಗೆಲ್ಲ ತಿರುಗುತ್ತದೆ, ಗೋಡೆ ಮುಟ್ಟುವುದೇ ಅಪರೂಪ.

ಮುಂದೆ ಶ್ವಾಸನಾಳ. ಅದು ಎರಡಾಗಿ ಕವಲೊಡೆಯುತ್ತದೆ, ಪ್ರತಿ ಕವಲೂ ಮತ್ತೆ ಎರಡಾಗುತ್ತದೆ, ಹೀಗೆ ಸುಮಾರು 23 ಸಲ. ಮೊದಲ ಕೆಲವು ಕವಲುಗಳಲ್ಲಿ ಗಾಳಿಗೆ ಇನ್ನೂ ವೇಗ ಇದೆ. ಮೂಗು ತಪ್ಪಿಸಿಕೊಂಡು ಬಂದ ದಪ್ಪ ಕಣಗಳು ಕವಲಿನ ಮೂಲೆಗೆ ಬಡಿದು ಅಲ್ಲೇ ಅಂಟುತ್ತವೆ. ಅಂಟಿದ್ದು ಅಲ್ಲೇ ಕೂರುವುದಿಲ್ಲ. ಈ ಕೊಳವೆಗಳ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಬಿಡುವಿಲ್ಲದೆ ಬಡಿಯುತ್ತಾ ಲೋಳೆಯನ್ನು ಗಂಟಲ ಕಡೆಗೆ ಮೇಲಕ್ಕೆ ತಳ್ಳುತ್ತವೆ. ನಾವು ಅದನ್ನು ನುಂಗುತ್ತೇವೆ, ಇಲ್ಲವೇ ಕಫವಾಗಿ ಉಗುಳುತ್ತೇವೆ. ಇಲ್ಲಿ ಬಿದ್ದ ಧೂಳಿನ ಬಹುಪಾಲು ಒಂದು ದಿನದಲ್ಲಿ ಹೊರಬೀಳುತ್ತದೆ.

ಕೆಳಗೆ ಹೋದ ಹಾಗೆ ಕೊಳವೆಗಳು ಸಣ್ಣದಾಗುತ್ತವೆ, ಆದರೆ ಅವುಗಳ ಸಂಖ್ಯೆ ವಿಪರೀತ ಜಾಸ್ತಿಯಾಗುತ್ತದೆ. ಎಲ್ಲ ಸೇರಿಸಿದರೆ ದಾರಿ ಅಗಲವಾಗುತ್ತಲೇ ಹೋಗುತ್ತದೆ. ಹೊಳೆಯ ನೀರು ಕೆರೆಯಂಗಳಕ್ಕೆ ಬಂದು ಹರಡಿದಂತೆ ಗಾಳಿ ನಿಧಾನವಾಗುತ್ತದೆ. ಕಟ್ಟಕಡೆಯಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಮಿಲಿಮೀಟರೂ ಇಲ್ಲ. ಅಲ್ಲಿರುವುದು ಗಾಳಿಗೂಡುಗಳು. ಒಂದೊಂದೂ ಸುಮಾರು 0.2 ಮಿಲಿಮೀಟರ್ ಅಗಲ, ಅಂಥವು ಕೋಟಿಗಟ್ಟಲೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗಾಳಿಯ ಜೊತೆಗೇ ಹೋಗುವ ಕಣ ಗಾಳಿಯ ಜೊತೆಗೇ ವಾಪಸ್ ಬರಬೇಕಲ್ವಾ? ಒಳಗೆ ಯಾಕೆ ಉಳಿಯುತ್ತದೆ?

ಉಳಿಯುವುದು ಗಾಳಿ ನಿಂತಿರುವುದರಿಂದ. 2.5 ಮೈಕ್ರಾನಿನ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.2 ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ನಿಮ್ಮ ಕೋಣೆಯ ಸೂರಿನಿಂದ ನೆಲ ಮುಟ್ಟಲು ಅದಕ್ಕೆ ಸುಮಾರು ನಾಲ್ಕು ಗಂಟೆ ಬೇಕು, ಅದೂ ಫ್ಯಾನ್ ಹಾಕದಿದ್ದರೆ. ಆದರೆ ಗಾಳಿಗೂಡಿನ ಸೂರು ಇರುವುದೇ 0.2 ಮಿಲಿಮೀಟರ್ ಎತ್ತರದಲ್ಲಿ. ಒಂದೇ ಸೆಕೆಂಡಿನಲ್ಲಿ ಕಣ ನೆಲ ಮುಟ್ಟಿತು. ಉಸಿರು ಒಳಗೆ ಹೋಗಿ ತಿರುಗಿ ಹೊರಡುವಷ್ಟರಲ್ಲಿ ಅಷ್ಟು ಸಮಯ ಸಿಕ್ಕೇ ಸಿಗುತ್ತದೆ.

ಇನ್ನೂ ಸಣ್ಣ ಕಣದ ಕಥೆ ಬೇರೆ. 1 ಮೈಕ್ರಾನಿನ ಕಣಕ್ಕೆ ಇದೇ ದೂರ ಇಳಿಯಲು ಆರು ಸೆಕೆಂಡಿನ ಹತ್ತಿರ ಬೇಕು. ಹಾಗಾಗಿ ಅದರಲ್ಲಿ ಒಂದಿಷ್ಟು ಉಸಿರಿನ ಜೊತೆ ಹೊರಗೆ ಬಂದುಬಿಡುತ್ತದೆ. 0.3 ಮೈಕ್ರಾನಿನ ಸುತ್ತಮುತ್ತ ಬಹುಪಾಲು ಕಣಗಳು ಹೋದ ಹಾಗೇ ವಾಪಸ್ ಬರುತ್ತವೆ. ಅದಕ್ಕಿಂತ ಸಣ್ಣದಾದರೆ ಇನ್ನೂ ಹೆಚ್ಚು ಹೊರಗೆ ಬರಬೇಕು ಅನಿಸುತ್ತದೆ. ಆಗುವುದು ಉಲ್ಟಾ. ಅಷ್ಟು ಹಗುರವಾದ ಕಣವನ್ನು ಗಾಳಿಯ ಅಣುಗಳೇ ಎಲ್ಲ ಕಡೆಯಿಂದ ತಳ್ಳಾಡುತ್ತವೆ. ಅದು ದಿಕ್ಕಿಲ್ಲದೆ ಅಲೆಯುತ್ತದೆ. ಬೆಂಕಿಯಿಂದ, ಇಂಜಿನ್ನಿನಿಂದ ಆಗತಾನೇ ಹೊರಟ ಹೊಗೆಯಲ್ಲಿ 0.02 ಮೈಕ್ರಾನಿನಂಥ ಕಣಗಳು ಇರುತ್ತವೆ. ಅಂಥದ್ದು ಒಂದು ಸೆಕೆಂಡಿನಲ್ಲಿ ಸುಮಾರು 0.17 ಮಿಲಿಮೀಟರ್ ದೂರ ಅಲೆದಿರುತ್ತದೆ. ಗಾಳಿಗೂಡಿನಂಥ ಪುಟ್ಟ ಜಾಗದಲ್ಲಿ ಅಷ್ಟು ಅಲೆದರೆ ಯಾವುದಾದರೂ ಗೋಡೆ ತಗುಲುತ್ತದೆ.

ಗಾಳಿಗೂಡಿನಲ್ಲಿ ಲೋಳೆಯ ಹರಿವು ಇಲ್ಲ, ತಳ್ಳುವ ರೋಮಗಳೂ ಇಲ್ಲ. ಇದ್ದಿದ್ದರೆ ಆಮ್ಲಜನಕ ರಕ್ತಕ್ಕೆ ಸಲೀಸಾಗಿ ದಾಟುತ್ತಿರಲಿಲ್ಲ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರಾನಿಗಿಂತ ತೆಳು. ಅಲ್ಲಿನ ಕಸ ತೆಗೆಯಲು ಇರುವುದು ಕಣಗಳನ್ನು ನುಂಗುವ ಒಂದು ಜಾತಿಯ ಜೀವಕೋಶಗಳು. ಅವು ನುಂಗಿ ಸಾಗಿಸಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಮೇಲಿನ ಕೊಳವೆಯಲ್ಲಿ ಒಂದು ದಿನದ ಕೆಲಸ ಇಲ್ಲಿ ತಿಂಗಳುಗಟ್ಟಲೆ. ಅಷ್ಟರಲ್ಲಿ ನೀವು ಮತ್ತೆ ಎಷ್ಟೋ ಸಲ ಅದೇ ರಸ್ತೆಯಲ್ಲಿ ಓಡಾಡಿರುತ್ತೀರಿ.

ಇದು ಏನು ಮಾಡಬಲ್ಲದು ಎಂಬುದನ್ನು ನಮ್ಮ ರಾಜ್ಯದ ಗಣಿ ಕಾರ್ಮಿಕರು ಮೈಮೇಲೆ ಅನುಭವಿಸಿದ್ದಾರೆ. ಹೊಳೆ ದಂಡೆಯ ಮರಳಿನಲ್ಲಿ ಜಾಸ್ತಿ ಇರುವುದು ಬೆಣಚುಕಲ್ಲಿನ ಚೂರು. ಅದರಲ್ಲಿ ಮಕ್ಕಳು ಇಡೀ ದಿನ ಆಡಿದರೂ ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಮರಳಿನ ಕಾಳು ಒಳಗೆ ಹೋಗುವಷ್ಟು ಸಣ್ಣದಲ್ಲ. ಅದೇ ಬೆಣಚುಕಲ್ಲನ್ನು ಯಂತ್ರದಿಂದ ಕೊರೆದಾಗ ಕೆಲವೇ ಮೈಕ್ರಾನಿನ ಪುಡಿ ಏಳುತ್ತದೆ. ಅದು ಗಾಳಿಗೂಡು ತಲುಪುತ್ತದೆ. ನುಂಗಿದ ಜೀವಕೋಶವನ್ನೇ ಕೊಲ್ಲುತ್ತದೆ. ಸತ್ತ ಜೀವಕೋಶದಿಂದ ಹೊರಬಿದ್ದ ಪುಡಿಯನ್ನು ಇನ್ನೊಂದು ನುಂಗುತ್ತದೆ, ಅದೂ ಸಾಯುತ್ತದೆ. ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಬರುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ. ವಸ್ತು ಒಂದೇ, ಗಾತ್ರ ಬೇರೆ. ನನಗೆ ಈ ವಿಷಯದಲ್ಲಿ ಇದಕ್ಕಿಂತ ಮನಸ್ಸಿಗೆ ನಾಟುವ ಉದಾಹರಣೆ ಸಿಕ್ಕಿಲ್ಲ.

ಗಾಳಿಯಲ್ಲಿರುವ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ ಇಟ್ಟಿರುವ ಪಿಎಂ 2.5 ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. 2.5 ಅನ್ನುವುದು ಗಟ್ಟಿ ಗಡಿ ಅಲ್ಲ. ಅಳೆಯಲು ಅನುಕೂಲವಾಗಲಿ ಎಂದು ಹಾಕಿದ ಗೆರೆ. 4 ಮೈಕ್ರಾನಿನ ಕಣಗಳಲ್ಲೂ ಒಂದು ಪಾಲು ಗಾಳಿಗೂಡು ಸೇರುತ್ತದೆ. ಬಾಯಲ್ಲಿ ಉಸಿರಾಡಿದರೆ ಈ ಪಾಲು ಹೆಚ್ಚುತ್ತದೆ, ಏಕೆಂದರೆ ಮೂಗಿನ ಇಕ್ಕಟ್ಟಾದ ತಿರುವುಗಳೆಲ್ಲ ತಪ್ಪಿಹೋಗುತ್ತವೆ. ಟ್ರಾಫಿಕ್ ಇರುವ ರಸ್ತೆ ಪಕ್ಕ ಓಡುವವರು ಏದುಸಿರು ಬಂದು ಬಾಯಿ ತೆರೆದಾಗ ಆಗುವುದು ಇದೇ.

ಈಗ ನಿಮ್ಮ ಕಪ್ಪು ಮೂಗಿಗೆ ಬರೋಣ. ಅದು ಮೂಗು ಹಿಡಿದದ್ದರ ಲೆಕ್ಕ. ತಪ್ಪಿಸಿಕೊಂಡು ಹೋದದ್ದರ ಲೆಕ್ಕ ಅಲ್ಲಿ ಇಲ್ಲ. ಕೆಮ್ಮಣ್ಣಿನ ಹಳ್ಳಿ ರಸ್ತೆಯಲ್ಲಿ ಮೂಗು ತುಂಬ ಧೂಳು ಸಿಗಬಹುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗರಬತ್ತಿ ಹಚ್ಚಿ ಕೂತರೆ ಮೂಗು ಶುಭ್ರವಾಗಿಯೇ ಇರುತ್ತದೆ. ಆದರೆ ಅಗರಬತ್ತಿ ಹೊಗೆಯ ಕಣಗಳು ಹೆಚ್ಚಾಗಿ 1 ಮೈಕ್ರಾನಿಗಿಂತ ಸಣ್ಣವು. ಸೌದೆ ಒಲೆಯ ಹೊಗೆಯೂ ಹಾಗೇ, ಡೀಸೆಲ್ ಹೊಗೆಯೂ ಹಾಗೇ. ಉರಿಸಿದ್ದರಿಂದ ಬಂದದ್ದು ಸಾಮಾನ್ಯವಾಗಿ ಸಣ್ಣದು, ಅರೆದು ಉಜ್ಜಿ ಎದ್ದದ್ದು ಸಾಮಾನ್ಯವಾಗಿ ದಪ್ಪ. ಅಳೆಯುವ ಮೀಟರ್ ಇಲ್ಲದವರಿಗೆ ಇದೊಂದು ಒಳ್ಳೆಯ ಗುರುತು.

ಬೈಕಿನಲ್ಲಿ ಹೋಗುವಾಗ ಮುಖಕ್ಕೆ ಕರವಸ್ತ್ರ ಕಟ್ಟುತ್ತೀರಾದರೆ, ಅದು ತಡೆಯುವುದು ಹೆಚ್ಚಾಗಿ ನಿಮ್ಮ ಮೂಗು ಹೇಗೂ ತಡೆಯುತ್ತಿದ್ದ ಧೂಳನ್ನೇ. ಸಣ್ಣ ಕಣ ಗಾಳಿಯ ಜೊತೆ ನೂಲನ್ನು ಬಳಸಿಕೊಂಡು ಒಳಗೆ ಬರುತ್ತದೆ. ಎನ್95 ಮಾಸ್ಕ್ ಕೂಡ ಜರಡಿ ಅಲ್ಲ. ಅದರ ತೆಳು ಎಳೆಗಳಲ್ಲಿ ವಿದ್ಯುತ್ತಿನ ಸೆಳೆತ ತುಂಬಿರುತ್ತದೆ, ಹತ್ತಿರ ಬಂದ ಕಣವನ್ನು ಎಳೆದುಕೊಳ್ಳುತ್ತವೆ. ಅದನ್ನು ಪರೀಕ್ಷಿಸುವುದೂ ಹಿಡಿಯಲು ಕಷ್ಟವಾದ ಆ 0.3 ಮೈಕ್ರಾನಿನ ಸುತ್ತಲಿನ ಕಣಗಳಿಂದ. ಆದರೆ ಮಾಸ್ಕಿಗೂ ಕೆನ್ನೆಗೂ ನಡುವೆ ಸಂದಿ ಇದ್ದರೆ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ, ಗಾಳಿಯ ಜೊತೆ ಸಣ್ಣ ಕಣವೂ ಹೋಗುತ್ತದೆ. ಹಾಕಿಕೊಂಡ ಮೇಲೆ ಜೋರಾಗಿ ಉಸಿರು ಬಿಟ್ಟು ನೋಡಿ. ಕನ್ನಡಕದ ಮೇಲೆ ಮಂಜು ಕಟ್ಟಿದರೆ ಮೂಗಿನ ಮೇಲಿನ ತಂತಿಯನ್ನು ಇನ್ನೂ ಒತ್ತಬೇಕು.