ಮನೆಗೆ ದುಡ್ಡು ಕಳಿಸುವಾಗ ಯಾವ ಸಂಖ್ಯೆ ನೋಡಬೇಕು?

ವಿದೇಶದಿಂದ ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸುವವರು ನನ್ನ ಹತ್ತಿರ ಸಾಮಾನ್ಯವಾಗಿ ಕೇಳುವುದು ಒಂದೇ: "ಸರ್, ಯಾರ ಫೀ ಕಡಿಮೆ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಫೀ ಎಂಬುದು ಖರ್ಚಿನ ಒಂದು ತುಂಡು ಮಾತ್ರ. ಇನ್ನೊಂದು ತುಂಡು ವಿನಿಮಯ ದರದ ಒಳಗೆ ಕೂತಿರುತ್ತದೆ. ಅದಕ್ಕೆ ರಸೀದಿಯಲ್ಲಿ ಬೇರೆ ಸಾಲು ಇರುವುದು ಅಪರೂಪ. ಎಷ್ಟೋ ಸಲ ಅದೇ ದೊಡ್ಡ ತುಂಡು.

ಬ್ಯಾಂಕುಗಳು ಪರಸ್ಪರ ನಾಣ್ಯ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಮಟ್ಟವನ್ನು ಮಿಡ್ ಮಾರ್ಕೆಟ್ ದರ ಎನ್ನುತ್ತಾರೆ. ಹುಡುಕು ತಾಣಗಳಲ್ಲಿ ಎರಡು ನಾಣ್ಯಗಳ ಹೆಸರು ಹಾಕಿದರೆ ಕಾಣುವುದು ಹೆಚ್ಚುಕಮ್ಮಿ ಇದೇ. ನಮಗೆ ನಿಮಗೆ ಈ ದರ ಸಿಗುವುದು ಅಪರೂಪ. ಹಣ ಕಳಿಸುವ ಸಂಸ್ಥೆ ಇದಕ್ಕಿಂತ ಸ್ವಲ್ಪ ಕಡಿಮೆ ದರ ಕೊಟ್ಟು, ಉಳಿದಿದ್ದನ್ನು ತಾನು ಇಟ್ಟುಕೊಳ್ಳುತ್ತದೆ. ಆ ವ್ಯತ್ಯಾಸವೇ ಮಾರ್ಜಿನ್. ಸಂಸ್ಥೆ ನಡೆಯಬೇಕಲ್ಲ, ಎಲ್ಲಿಂದಾದರೂ ದುಡಿಯಲೇಬೇಕು. ನಮಗೆ ಬೇಕಿರುವುದು ಎಷ್ಟು ದುಡಿಯುತ್ತಿದೆ ಎಂಬ ಲೆಕ್ಕ.

ಒಂದು ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 500 ಡಾಲರ್ ಕಳಿಸುವವರು ಒಬ್ಬರು ಇದ್ದಾರೆ ಅಂದುಕೊಳ್ಳಿ. ಸುಲಭವಾಗಲಿ ಅಂತ ಮಿಡ್ ಮಾರ್ಕೆಟ್ ದರವನ್ನು 80 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ಇದು ಇವತ್ತಿನ ದರ ಅಲ್ಲ, ಸುಮ್ನೆ ಉದಾಹರಣೆ. ನಿಮ್ಮ ನಾಣ್ಯ ಬೇರೆಯಾದರೂ ಲೆಕ್ಕದ ರೀತಿ ಇದೇ. ಒಂದು ಪೈಸೆಯೂ ಖರ್ಚಾಗದಿದ್ದರೆ ಮನೆಗೆ 40,000 ರೂಪಾಯಿ ತಲುಪಬೇಕಿತ್ತು.

ಮೊದಲನೇ ಸಂಸ್ಥೆ "ಶುಲ್ಕ ಸೊನ್ನೆ" ಎನ್ನುತ್ತದೆ, ದರ 78.80 ಕೊಡುತ್ತದೆ. ಮನೆಗೆ ತಲುಪುವುದು 39,400. ಎರಡನೇ ಸಂಸ್ಥೆ 4 ಡಾಲರ್ ಫೀ ಹಿಡಿಯುತ್ತದೆ, ದರ 79.76. ಉಳಿದ 496 ಡಾಲರ್‌ಗೆ ಸುಮಾರು 39,561 ತಲುಪುತ್ತದೆ. ಮೂರನೆಯದು ಸಂಬಳದ ಖಾತೆ ಇರುವ ಬ್ಯಾಂಕು. ಫೀ 15 ಡಾಲರ್, ದರ 79.20. ತಲುಪುವುದು 38,412.

ಫೀ ಇಲ್ಲದ ಮೊದಲನೆಯದು 600 ರೂಪಾಯಿ ತಿಂದಿತು. ಫೀ ಕೇಳಿದ ಎರಡನೆಯದು ತಿಂದಿದ್ದು 439. ಬ್ಯಾಂಕಿನ ದರ ಮೊದಲನೆಯದಕ್ಕಿಂತ ಚೆನ್ನಾಗಿದ್ದರೂ ಫೀ ಸೇರಿ 1,588 ಹೋಯಿತು. ಬರೀ ಫೀ ನೋಡಿದವರು ಮೊದಲನೆಯದಕ್ಕೆ ಹೋಗುತ್ತಾರೆ. ಬರೀ ದರ ನೋಡಿದವರಿಗೆ ಬ್ಯಾಂಕು ಪರವಾಗಿಲ್ಲ ಅನ್ನಿಸಬಹುದು. ಹಾಗಾಗಿ ನಾನು ನೋಡುವುದು ಒಂದೇ ಸಂಖ್ಯೆ. ನನ್ನ ಖಾತೆಯಿಂದ ಒಟ್ಟು ಇಷ್ಟು ಹೋದರೆ, ಮನೆಯವರ ಖಾತೆಗೆ ಎಷ್ಟು ಬೀಳುತ್ತದೆ?

ಇಲ್ಲಿ "ಒಟ್ಟು" ಎಂಬ ಮಾತಿಗೆ ತೂಕ ಇದೆ. ಕೆಲವು ಆ್ಯಪ್‌ಗಳು ನೀವು ಹಾಕಿದ 500ರ ಒಳಗಿಂದಲೇ ಫೀ ಮುರಿದುಕೊಳ್ಳುತ್ತವೆ. ಕೆಲವು 500 ಪೂರ್ತಿ ಬದಲಾಯಿಸಿ, ಫೀಯನ್ನು ಮೇಲಿಂದ ಹಾಕುತ್ತವೆ. ಎರಡನೇ ಸಂಸ್ಥೆ ಹೀಗೆ ಮಾಡಿದ್ದರೆ ಪರದೆಯ ಮೇಲೆ 39,880 ಕಾಣುತ್ತಿತ್ತು. ನಿಮ್ಮ ಖಾತೆಯಿಂದ ಮಾತ್ರ 504 ಹೋಗುತ್ತಿತ್ತು. ಈ ಗೊಂದಲ ಬೇಡ ಅಂದರೆ ಉಲ್ಟಾ ಹಾಕಿ ನೋಡಿ. ಬಹಳಷ್ಟು ಆ್ಯಪ್‌ಗಳಲ್ಲಿ ತಲುಪಬೇಕಾದ ಮೊತ್ತವನ್ನೇ ಬರೆಯುವ ಖಾನೆ ಇರುತ್ತದೆ. ಅಲ್ಲಿ 40,000 ಎಂದು ಬರೆಯಿರಿ. ಮೊದಲನೇ ಸಂಸ್ಥೆ ನಿಮ್ಮಿಂದ 507.61 ಡಾಲರ್ ಕೇಳುತ್ತದೆ, ಎರಡನೆಯದು ಎಲ್ಲ ಸೇರಿ 505.50. ಮನೆ ಬಾಡಿಗೆ, ಸಾಲದ ಕಂತು ಹೀಗೆ ಅಲ್ಲಿನ ಲೆಕ್ಕದಲ್ಲಿ ಇಂತಿಷ್ಟೇ ಬೇಕು ಎನ್ನುವವರಿಗೆ ಈ ದಾರಿಯೇ ಸರಿ.

ಹಾಗಾದರೆ ಫೀ ಕೇಳುವವರೇ ಯಾವಾಗಲೂ ಅಗ್ಗವೇ? ಇಲ್ಲ. 500ರ ಬದಲು 200 ಡಾಲರ್ ಕಳಿಸಿ ನೋಡಿ. ಮೊದಲನೇ ಸಂಸ್ಥೆಯಿಂದ 15,760 ತಲುಪುತ್ತದೆ, ಎರಡನೆಯದರಿಂದ 15,633. ಆಟ ತಿರುಗಿತು ಅಲ್ವಾ? ಫೀ ಎಷ್ಟು ಕಳಿಸಿದರೂ ಅಷ್ಟೇ ಇರುತ್ತದೆ. ಮಾರ್ಜಿನ್ ಮಾತ್ರ ಮೊತ್ತದ ಜೊತೆ ಬೆಳೆಯುತ್ತದೆ. ಸಣ್ಣ ಮೊತ್ತಕ್ಕೆ ಫೀ ಭಾರ, ದೊಡ್ಡ ಮೊತ್ತಕ್ಕೆ ಮಾರ್ಜಿನ್ ಭಾರ.

ಎಲ್ಲಿ ತಿರುಗುತ್ತದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಮೊದಲನೆಯದರ ಮಾರ್ಜಿನ್ ಶೇ 1.5 (80ರಲ್ಲಿ 1.20). ಎರಡನೆಯದರದ್ದು ಶೇ 0.3. ವ್ಯತ್ಯಾಸ ಶೇ 1.2. ಫೀ 4 ಡಾಲರನ್ನು 0.012ರಿಂದ ಭಾಗಿಸಿದರೆ ಸುಮಾರು 333 ಬರುತ್ತದೆ. ಅದಕ್ಕಿಂತ ಕಡಿಮೆ ಕಳಿಸುವವರಿಗೆ ಫೀ ಇಲ್ಲದ್ದು ಲಾಭ, ಜಾಸ್ತಿ ಕಳಿಸುವವರಿಗೆ ಫೀ ಇರುವುದು ಲಾಭ. "ನನ್ನ ಗೆಳೆಯನಿಗೆ ಅದೇ ಅಗ್ಗವಂತೆ" ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು, ಗೆಳೆಯ ಎಷ್ಟು ಕಳಿಸುತ್ತಾನೆ ಎಂದು.

ಮೊತ್ತ ಬದಲಾದರೆ ಶೇಕಡಾ ಖರ್ಚು ಬದಲಾಗುತ್ತದೆ ಎಂಬ ಕಾರಣಕ್ಕೇ ವಿಶ್ವ ಬ್ಯಾಂಕು ತನ್ನ 'ರೆಮಿಟೆನ್ಸ್ ಪ್ರೈಸಸ್ ವರ್ಲ್ಡ್‌ವೈಡ್' ಪಟ್ಟಿಯಲ್ಲಿ 200 ಡಾಲರ್‌ಗೆ ಬೇರೆ, 500ಕ್ಕೆ ಬೇರೆ ಲೆಕ್ಕ ಕೊಡುತ್ತದೆ. ಅದರಲ್ಲಿ ಫೀ ಮತ್ತು ಮಾರ್ಜಿನ್ ಎರಡೂ ಸೇರಿರುತ್ತವೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಈ ಖರ್ಚನ್ನು 2030ರೊಳಗೆ ಶೇ 3ಕ್ಕಿಂತ ಕೆಳಗೆ ತರಬೇಕು ಎಂದಿದೆ. ನಿಮ್ಮ ಒಟ್ಟು ಖರ್ಚು ಆ ಗೆರೆ ದಾಟಿದ್ದರೆ ಹುಡುಕಾಡಲು ಅದೇ ಸಾಕಷ್ಟು ಕಾರಣ. ಮೇಲಿನ ಬ್ಯಾಂಕಿನ ಲೆಕ್ಕ ಶೇ 4ರ ಹತ್ತಿರ ಬರುತ್ತದೆ ನೋಡಿ.

ಇನ್ನು ಪ್ರತಿ ತಿಂಗಳು ಕಳಿಸುವವರು ಹೆಚ್ಚಾಗಿ ಬೀಳುವ ಬಲೆಯ ವಿಷಯ. ಎಷ್ಟೋ ಸಂಸ್ಥೆಗಳು ಹೊಸ ಗ್ರಾಹಕರಿಗೆ ಮೊದಲ ಸಲ ಭರ್ಜರಿ ದರ ಕೊಡುತ್ತವೆ. ಮಾರ್ಜಿನ್ ಪೂರ್ತಿ ಬಿಟ್ಟುಬಿಡುವವರೂ ಇದ್ದಾರೆ. ಜನ ಆ ದರ ನೋಡಿ ಸೇರುತ್ತಾರೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಎರಡನೇ ತಿಂಗಳಿನಿಂದ ಮಾಮೂಲಿ ದರ ಶುರುವಾಗುತ್ತದೆ. ವರ್ಷದಲ್ಲಿ ಹನ್ನೆರಡು ಸಲ ಕಳಿಸುವವರಿಗೆ ಆ ಒಂದು ಸಲದ ಲಾಭ ಯಾವ ಮೂಲೆಗೆ? ಹೋಲಿಸಬೇಕಾದದ್ದು ಎರಡನೇ ತಿಂಗಳ ದರವನ್ನು. ಅದನ್ನು ನೋಡಲು ಒಂದು ಉಪಾಯ ಇದೆ. ಆಗಲೇ ಖಾತೆ ಇದ್ದರೆ ಲಾಗಿನ್ ಆಗಿ ದರ ನೋಡಿ, ಆಮೇಲೆ ಲಾಗಿನ್ ಆಗದೆ ಅದೇ ಸಂಸ್ಥೆಯ ತಾಣದಲ್ಲಿ ನೋಡಿ. ಎರಡೂ ಬೇರೆ ಬಂದರೆ, ಹೊರಗೆ ತೋರಿಸುತ್ತಿರುವುದು ಹೊಸಬರ ದರ. ಖಾತೆ ಇನ್ನೂ ಇಲ್ಲದಿದ್ದರೆ ದರದ ಕೆಳಗಿನ ಸಣ್ಣ ಅಕ್ಷರ ಓದಿ. ಮೊದಲ ವರ್ಗಾವಣೆಗೆ ಮಾತ್ರ ಎಂದೋ, ಇಂತಿಷ್ಟು ಮೊತ್ತದವರೆಗೆ ಮಾತ್ರ ಎಂದೋ ಅಲ್ಲಿ ಬರೆದಿರುತ್ತದೆ.

ಹೋಲಿಸುವಾಗ ಎಲ್ಲರ ದರವನ್ನೂ ಐದು ಹತ್ತು ನಿಮಿಷದ ಒಳಗೆ ನೋಡಿ ಬರೆದುಕೊಳ್ಳಿ. ಬೆಳಿಗ್ಗೆ ಒಬ್ಬರದ್ದು, ಸಂಜೆ ಇನ್ನೊಬ್ಬರದ್ದು ನೋಡಿದರೆ ಮಾರುಕಟ್ಟೆಯ ಏರಿಳಿತ ಲೆಕ್ಕದೊಳಗೆ ಸೇರಿಬಿಡುತ್ತದೆ. ವಾರದ ಮಧ್ಯದ ದಿನವಾದರೆ ಒಳ್ಳೆಯದು. ಶನಿವಾರ, ಭಾನುವಾರ ವಿದೇಶಿ ವಿನಿಮಯ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಎಲ್ಲಿ ತೆರೆಯುತ್ತದೋ ಎಂಬ ಅಂಜಿಕೆಗೆ ಕೆಲವರು ಮಾರ್ಜಿನ್ ಅಗಲ ಮಾಡುತ್ತಾರೆ. ತೋರಿಸಿದ ದರ ಎಷ್ಟು ಹೊತ್ತು ಖಾತ್ರಿ ಎಂಬುದನ್ನೂ ನೋಡಿ. "ಅಂದಾಜು ದರ" ಎಂದಿದ್ದರೆ ನಿಮ್ಮ ದುಡ್ಡು ಅವರಿಗೆ ತಲುಪಿದ ಮೇಲೆ ದರ ಬದಲಾಗಬಹುದು.

ದುಡ್ಡು ಯಾವುದರಿಂದ ಕಟ್ಟುತ್ತೀರಿ ಎಂಬುದರ ಮೇಲೂ ಫೀ ಬದಲಾಗುತ್ತದೆ. ಬ್ಯಾಂಕ್ ಖಾತೆಯಿಂದ ಕಟ್ಟುವುದು ಸಾಮಾನ್ಯವಾಗಿ ಅಗ್ಗ. ಕ್ರೆಡಿಟ್ ಕಾರ್ಡ್ ಬೇಡವೇ ಬೇಡ ಎನ್ನುತ್ತೇನೆ. ಎಷ್ಟೋ ಕಾರ್ಡ್ ಕೊಟ್ಟ ಬ್ಯಾಂಕುಗಳು ಇದನ್ನು ನಗದು ತೆಗೆದಂತೆ ಲೆಕ್ಕ ಹಾಕುತ್ತವೆ. ಆಗ ಬೇರೆ ಶುಲ್ಕ ಬೀಳುತ್ತದೆ, ಬಡ್ಡಿಯೂ ಅದೇ ದಿನದಿಂದ ಓಡುತ್ತದೆ. ಈ ಖರ್ಚು ವರ್ಗಾವಣೆಯ ರಸೀದಿಯಲ್ಲಿ ಬರುವುದಿಲ್ಲ, ಮುಂದಿನ ಕಾರ್ಡ್ ಬಿಲ್ಲಿನಲ್ಲಿ ಬರುತ್ತದೆ.

ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಮೂಲಕ ಕಳಿಸುವವರು ಇನ್ನೊಂದು ಕಡೆ ಕಣ್ಣಿಡಬೇಕು. ಎರಡೂ ಬ್ಯಾಂಕುಗಳಿಗೆ ನೇರ ಸಂಬಂಧ ಇಲ್ಲದಿದ್ದರೆ ದುಡ್ಡು ಮಧ್ಯದ ಬ್ಯಾಂಕೊಂದರ ಮೂಲಕ ಹೋಗುತ್ತದೆ, ಅದೂ ತನ್ನ ಪಾಲು ಮುರಿದುಕೊಳ್ಳಬಹುದು. ಅರ್ಜಿಯಲ್ಲಿ OUR, SHA, BEN ಎಂಬ ಮೂರು ಆಯ್ಕೆಗಳಿರುತ್ತವೆ. OUR ಎಂದರೆ ದಾರಿಯ ಖರ್ಚೆಲ್ಲ ಕಳಿಸುವವರದ್ದು. SHA ಎಂದರೆ ನಿಮ್ಮ ಬ್ಯಾಂಕಿನ ಶುಲ್ಕ ನಿಮ್ಮದು, ಉಳಿದದ್ದು ಪಡೆಯುವವರದ್ದು. BEN ಎಂದರೆ ಎಲ್ಲವೂ ಪಡೆಯುವವರ ತಲೆಗೆ. ಡಾಲರ್ ಆಗಿಯೇ ಕಳಿಸಿದರೆ ಅದನ್ನು ಬದಲಾಯಿಸುವುದು ಮನೆ ಕಡೆಯ ಬ್ಯಾಂಕು, ಅದರದೇ ದರದಲ್ಲಿ. ಆಗ ನಿಮ್ಮ ಬ್ಯಾಂಕು ಹೇಳಿದ ವಿನಿಮಯ ದರಕ್ಕೆ ಅರ್ಥವೇ ಇಲ್ಲ. ಪ್ರತಿ ತಿಂಗಳು ಅಷ್ಟೇ ಕಳಿಸಿದರೂ ಮನೆಯವರು "ಈ ಸಲ ಸ್ವಲ್ಪ ಕಡಿಮೆ ಬಂತು" ಎನ್ನುತ್ತಿದ್ದರೆ, ಜಮೆ ವಿವರದ ಫೋಟೋ ತರಿಸಿಕೊಂಡು ಮೂರು ಸಂಖ್ಯೆ ಹುಡುಕಿ: ಬಂದ ಡಾಲರ್ ಎಷ್ಟು, ಹಾಕಿದ ದರ ಎಷ್ಟು, ಕಡಿತ ಎಷ್ಟು. ಬಂದ ಡಾಲರ್ ನೀವು ಕಳಿಸಿದ್ದಕ್ಕಿಂತ ಕಡಿಮೆ ಇದ್ದರೆ ಮಧ್ಯದ ಬ್ಯಾಂಕು ಮುರಿದಿದೆ. ಡಾಲರ್ ಸರಿಯಿದ್ದು ರೂಪಾಯಿ ಕಡಿಮೆ ಇದ್ದರೆ ಅದು ಮನೆ ಕಡೆಯ ಬ್ಯಾಂಕಿನ ದರ ಅಥವಾ ಶುಲ್ಕ.

ಎರಡು ತಿಂಗಳದ್ದು ಒಟ್ಟಿಗೆ ಕಳಿಸಿದರೆ ಉಳಿಯುತ್ತದಾ ಎಂದು ಕೇಳುತ್ತಾರೆ. ಫೀ ಇರುವ ಕಡೆ ಒಂದು ಫೀ ಉಳಿಯುತ್ತದೆ, ನಮ್ಮ ಲೆಕ್ಕದಲ್ಲಿ 4 ಡಾಲರ್. ಬರೀ ಮಾರ್ಜಿನ್ ಮೇಲೆ ನಡೆಯುವ ಕಡೆ ಏನೂ ಉಳಿಯುವುದಿಲ್ಲ, ಮೊತ್ತ ಜಾಸ್ತಿಯಾದರೆ ಉತ್ತಮ ದರ ಕೊಡುವ ಸಂಸ್ಥೆಯಾಗಿದ್ದರೆ ಮಾತು ಬೇರೆ. ಮನೆಯವರು ತಿಂಗಳ ಕೊನೆಯಲ್ಲಿ ಕೈಸಾಲ ಮಾಡಬೇಕಾದರೆ ಆ ಉಳಿತಾಯ ಅಲ್ಲಿಗೇ ಹೋಯಿತು.

ಕೊನೆಗೆ ನಮ್ಮ ಮೂರು ಸಂಸ್ಥೆಗಳನ್ನು ವರ್ಷದ ಲೆಕ್ಕಕ್ಕೆ ಹಾಕಿ ನೋಡಿ. ಎರಡನೆಯದಕ್ಕೂ ಮೊದಲನೆಯದಕ್ಕೂ ವರ್ಷಕ್ಕೆ ಬರುವ ವ್ಯತ್ಯಾಸ ಸುಮಾರು 1,930 ರೂಪಾಯಿ. ಮೊದಲನೆಯದು ಸರಿಯಾದ ಪರವಾನಗಿ ಇರುವ ಸಂಸ್ಥೆಯಾಗಿದ್ದು, ಹೇಳಿದ ದಿನಕ್ಕೆ ದುಡ್ಡು ತಲುಪಿಸುತ್ತಿದ್ದರೆ, ಇಷ್ಟಕ್ಕೋಸ್ಕರ ಬದಲಾಯಿಸಿ ಎಂದು ನಾನು ಒತ್ತಾಯ ಮಾಡುವುದಿಲ್ಲ. ಬ್ಯಾಂಕಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಮಾತ್ರ 13,780 ದಾಟುತ್ತದೆ. ಬ್ಯಾಂಕಿನಿಂದ ಹೊರಗೆ ಬರಲು ಒಂದು ಸಂಜೆ ಕೂತು ಹೊಸ ಖಾತೆ ತೆರೆದು, ಗುರುತಿನ ದಾಖಲೆ ಕೊಟ್ಟು, ಮೊದಲು ಸಣ್ಣ ಮೊತ್ತವೊಂದನ್ನು ಕಳಿಸಿ ನೋಡಬೇಕು. ದಾಖಲೆ ಪರಿಶೀಲನೆಗೆ ಕೆಲವು ದಿನ ಹಿಡಿಯಬಹುದು. ಹಾಗಾಗಿ ಈ ಕೆಲಸವನ್ನು ಸಂಬಳ ಬಂದ ದಿನ ಶುರು ಮಾಡಬೇಡಿ, ತಿಂಗಳ ಮಧ್ಯದಲ್ಲೇ ಮುಗಿಸಿಕೊಳ್ಳಿ.