ಬಾಟಲಿ ಸೋರಿಕೆಯ ದೂರು: ಗುಣಮಟ್ಟ ಯೋಜನೆಯಲ್ಲಿ ಎಲ್ಲಿ ಹುಡುಕಬೇಕು?

ಘಟಕದ ಯೋಜನೆಯಲ್ಲಿ ಗುಣಮಟ್ಟ ನಿಯಂತ್ರಣ ಮತ್ತು ದೂರು ನಿರ್ವಹಣೆ ಬೇರೆ ಬೇರೆ ಅಧ್ಯಾಯಗಳಲ್ಲಿರುತ್ತವೆ. ಎರಡನ್ನೂ ಬೆಸೆಯುವುದು ಬ್ಯಾಚ್ ಸಂಖ್ಯೆ. ಹಾಗಾಗಿ ದೂರು ದಾಖಲಿಸುವಾಗ ಮೊದಲು ಕೇಳಬೇಕಾದದ್ದೇ ಅದು. ಆಮೇಲೆ ಬಾಟಲಿಯ ಫೋಟೊ, ಎಷ್ಟು ಬಾಟಲಿ ಸೋರಿದವು ಎಂಬ ಲೆಕ್ಕ, ಸಾಧ್ಯವಾದರೆ ಆ ಬಾಟಲಿಯೇ.

ಒಂದು ಕಲ್ಪಿತ ಪ್ರಕರಣ ನೋಡೋಣ. ದ್ರವ ಮಾರ್ಜಕದ 3,000 ಬಾಟಲಿಗಳ ಬ್ಯಾಚ್; ಮುಚ್ಚಳದ ಬಳಿ ಸೋರುತ್ತಿದೆ ಎಂದು ದೂರು. ಹೊರಡುವ ಮುನ್ನ ಈ ಬ್ಯಾಚ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಐಎಸ್‌ಒ 2859-1 ಎಂಬ ಮಾದರಿ ತಪಾಸಣೆ ಮಾನದಂಡದ ಸಾಮಾನ್ಯ ತಪಾಸಣೆ, ಎರಡನೇ ಮಟ್ಟ, ಎಕ್ಯೂಎಲ್ ಎಂಬ ಸ್ವೀಕಾರಾರ್ಹ ಗುಣಮಟ್ಟ ಮಿತಿ 1.0 ಪ್ರಕಾರ ಇಷ್ಟು ದೊಡ್ಡ ಬ್ಯಾಚಿನಿಂದ 125 ಬಾಟಲಿ ತೆಗೆಯಬೇಕು. 3ರವರೆಗೆ ದೋಷ ಕಂಡರೆ ಸ್ವೀಕಾರ, 4 ಕಂಡರೆ ತಿರಸ್ಕಾರ.

ಹಲವರು ಎಡವುವುದು ಇಲ್ಲೇ. ‘ಪಾಸಾಗಿದೆ, ಆದ್ದರಿಂದ ತಪ್ಪು ಸಾಗಣೆಯವರದು’ ಎಂದು ದೂರನ್ನು ಮುಚ್ಚಿಬಿಡುತ್ತಾರೆ. ಬ್ಯಾಚಿನಲ್ಲಿ ನಿಜವಾಗಿ 3% ದೋಷವಿದ್ದರೂ ಈ ಪರೀಕ್ಷೆ ಅದನ್ನು ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಪಾಸು ಮಾಡುತ್ತದೆ. 3% ಎಂದರೆ 90 ಬಾಟಲಿ. ಪಾಸಾದ ವರದಿಯಿಂದ ದೂರು ಸುಳ್ಳೆಂದು ಸಾಬೀತಾಗುವುದಿಲ್ಲ.

ಮುಂದಿನ ಹೆಜ್ಜೆ ಬ್ಯಾಚ್ ದಾಖಲೆ. ಮುಚ್ಚಳ ಬಿಗಿಯುವ ಯಂತ್ರಕ್ಕೆ ಮುಚ್ಚಳ ಹಿಡಿದು ತಿರುಗಿಸುವ ನಾಲ್ಕು ತಲೆಗಳು. ಬಿಗಿತದ ಮಿತಿ 1.6ರಿಂದ 2.2 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳಿ. ಕೊನೆಯ ಗಂಟೆಯ ನಮೂದು 1.8, ಸರಿಯಾಗಿಯೇ ಇದೆ. ಆದರೆ ಅದು ಸರಾಸರಿ. ಮೂಲ ಓದುಗಳು 2.0, 2.1, 1.1, 2.0. ಮೂರನೇ ತಲೆಯ ಕ್ಲಚ್ ಸಡಿಲಗೊಂಡಿದ್ದು ಸರಾಸರಿಯೊಳಗೆ ಅಡಗಿಹೋಯಿತು. ಕೊನೆಯ ಗಂಟೆಯ 360 ಬಾಟಲಿಗಳಲ್ಲಿ ನಾಲ್ಕಕ್ಕೊಂದು ಎಂದರೆ ಅದೇ 90.

ಕಾಯ್ದಿರಿಸಿದ ಮಾದರಿಗಳನ್ನೂ ನೋಡಬೇಕು, ಆದರೆ ಎಚ್ಚರ: ಬ್ಯಾಚಿನ ಆರಂಭದಲ್ಲಷ್ಟೇ ಎತ್ತಿಟ್ಟಿದ್ದರೆ ಈ ದೋಷ ಅವುಗಳಲ್ಲಿ ಸಿಗುವುದೇ ಇಲ್ಲ. ಆರಂಭ, ನಡು, ಕೊನೆ ಮೂರರಿಂದಲೂ, ಪ್ರತಿ ತಲೆಯದೊಂದರಂತೆ ಇಡಬೇಕು. ದಿನ ಕಳೆದಂತೆ ಮುಚ್ಚಳದ ಒಳಪದರ ಒತ್ತಡಕ್ಕೆ ಒಗ್ಗಿ, ಮುಚ್ಚಳ ತೆರೆಯಲು ಬೇಕಾದ ಬಲ ಸಹಜವಾಗಿಯೇ ಇಳಿಯುತ್ತದೆ. ಆದ್ದರಿಂದ ಹಳೆಯ ಮಾದರಿಯನ್ನು ತಯಾರಿಕೆಯ ದಿನದ ಮಿತಿಯೊಂದಿಗೆ ತೂಗಬಾರದು. ಅದೇ ವಯಸ್ಸಿನ ಬೇರೆ ತಲೆಯ ಮಾದರಿಯೊಂದಿಗೆ ಹೋಲಿಸಬೇಕು.

ಗ್ರಾಹಕರಿಗೆ ಬೇರೆ ಬಾಟಲಿ ಕೊಡುವುದು, ಗೋದಾಮಿನಲ್ಲಿ ಉಳಿದ ಸರಕನ್ನು ತಡೆಹಿಡಿಯುವುದು ತಕ್ಷಣದ ಪರಿಹಾರ. ಕ್ಲಚ್ ಬದಲಿಸಿದರೂ ಕೆಲಸ ಅರ್ಧವೇ, ಏಕೆಂದರೆ ಮುಂದೆ ಇನ್ನೊಂದು ತಲೆ ಸಡಿಲವಾದರೂ ಈಗಿನ ದಾಖಲೆ ನಮೂನೆ ಅದನ್ನು ಮುಚ್ಚಿಡುತ್ತದೆ. ನಮೂನೆಯಲ್ಲಿ ಸರಾಸರಿಯ ಅಂಕಣ ತೆಗೆದು ನಾಲ್ಕು ತಲೆಗಳಿಗೆ ನಾಲ್ಕು ಅಂಕಣ ಹಾಕಬೇಕು. ಯಾವೊಂದು ಓದು ಮಿತಿ ತಪ್ಪಿದರೂ ಯಂತ್ರ ನಿಲ್ಲಿಸಿ, ಹಿಂದಿನ ಸರಿಯಾದ ಓದಿನ ನಂತರದ ಬಾಟಲಿಗಳನ್ನೆಲ್ಲ ಬೇರೆಯಿಡಬೇಕು. ಮುಂದಿನ ಮೂರು ಬ್ಯಾಚುಗಳಲ್ಲಿ ನಾಲ್ಕೂ ಅಂಕಣಗಳು ಮಿತಿಯೊಳಗಿದ್ದರೆ ಮಾತ್ರ ದೂರಿನ ಕಡತ ಮುಚ್ಚಬಹುದು.