ಜೇನುತುಪ್ಪ: ಮೊದಲೇ ಒಡೆದಿಟ್ಟ ಸಕ್ಕರೆ

ಮುಧೋಳದಲ್ಲಿರುವ ನಮ್ಮ ಕಾಕಾ ದಿನಕ್ಕೆ ಮೂರು ಕಪ್ ಚಹಾ ಕುಡಿಯುತ್ತಾರೆ, ಕಪ್ಪಿಗೆ ಎರಡು ಚಮಚ ಸಕ್ಕರೆ. ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾದ ದಿನವೇ ಅವರು ಸಕ್ಕರೆ ಡಬ್ಬಿಯನ್ನು ಮೇಲಿನ ಮಾಡಕ್ಕೆ ಏರಿಸಿ, ಅಷ್ಟೇ ಚಮಚ ಜೇನುತುಪ್ಪ ಹಾಕಿಕೊಳ್ಳತೊಡಗಿದರು. ಮೂರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಏನೂ ಇಳಿದಿರಲಿಲ್ಲ. ‘ಸಕ್ಕರೆ ಮುಟ್ಟೇ ಇಲ್ಲವಲ್ಲ’ ಎಂದು ಅವರು ನೊಂದುಕೊಂಡರು. ಆ ನೋವಿಗೆ ಉತ್ತರ ಜೇನುತುಪ್ಪದ ಒಳಗೇ ಇದೆ.

ನಮ್ಮ ಕಡೆಯ ಕಬ್ಬಿನಿಂದ ಬರುವ ಬಿಳಿ ಸಕ್ಕರೆ ಬಹುಪಾಲು ಒಂದೇ ವಸ್ತು, ಸುಕ್ರೋಸ್. ಗ್ಲುಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಕೈಹಿಡಿದು ನಿಂತ ಜೋಡಿ ಅದು. ಹೂವಿನ ಮಕರಂದದಲ್ಲಿಯೂ ಈ ಜೋಡಿಯೇ ಹೆಚ್ಚಾಗಿ ಇರುತ್ತದೆ. ಜೇನುನೊಣ ಅದನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ತರುವಾಗ ತನ್ನ ಗ್ರಂಥಿಯ ಕಿಣ್ವವನ್ನು ಸೇರಿಸಿ ಜೋಡಿಯನ್ನು ಬಿಡಿಸುತ್ತದೆ. ಆಮೇಲೆ ನೊಣಗಳು ಹುಟ್ಟಿನಲ್ಲಿ ರೆಕ್ಕೆ ಬೀಸಿ ನೀರನ್ನು ಆರಿಸುತ್ತವೆ. ಕೊನೆಗೆ ಉಳಿಯುವುದು ನೂರಕ್ಕೆ ಸುಮಾರು 38 ಪಾಲು ಫ್ರಕ್ಟೋಸ್, 31 ಪಾಲು ಗ್ಲುಕೋಸ್, 17 ಪಾಲು ನೀರು, ಒಂದಿಷ್ಟು ಬೇರೆ ಸಕ್ಕರೆಗಳು. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳು ಕಟ್ಟುವುದು ಈ ಗ್ಲುಕೋಸ್. ಹರಳು ಕಂಡ ಮಾತ್ರಕ್ಕೆ ಜೇನು ಕಲಬೆರಕೆ ಎಂದು ದೂರಬೇಕಾಗಿಲ್ಲ.

ನಾವು ಸಕ್ಕರೆ ತಿಂದಾಗ ನಮ್ಮ ಸಣ್ಣ ಕರುಳು ಮಾಡುವುದೂ ಇದೇ ಕೆಲಸ. ನೊಣ ಹುಟ್ಟಿನಲ್ಲಿ ಬಿಡಿಸಿದ್ದನ್ನು ಕರುಳು ಊಟದ ನಂತರ ಬಿಡಿಸುತ್ತದೆ. ರಕ್ತಕ್ಕೆ ಸೇರುವುದು ಎರಡೂ ಸಲ ಅದೇ ಗ್ಲುಕೋಸ್, ಅದೇ ಫ್ರಕ್ಟೋಸ್. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಮಿತಿಯನ್ನು ಹೇಳುವಾಗ ಜೇನುತುಪ್ಪವನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದು ಇದಕ್ಕಾಗಿಯೇ.

ಕಾಕಾ ಎಡವಿದ್ದು ಚಮಚದಲ್ಲಿ. ಮಟ್ಟಸ ಮಾಡಿದ ಒಂದು ಚಹಾ ಚಮಚದಲ್ಲಿ ಸಕ್ಕರೆ ಸುಮಾರು 4 ಗ್ರಾಂ ಹಿಡಿಸಿದರೆ, ಜೇನು ಭಾರವಾದ್ದರಿಂದ ಸುಮಾರು 7 ಗ್ರಾಂ ಹಿಡಿಸುತ್ತದೆ. ಅವರ ಆರು ಚಮಚ ಸಕ್ಕರೆ ಎಂದರೆ 24 ಗ್ರಾಂ. ಆರು ಚಮಚ ಜೇನು ಎಂದರೆ 42 ಗ್ರಾಂ, ನೀರನ್ನು ಕಳೆದರೂ ಅದರಲ್ಲಿ 34 ಗ್ರಾಂನಷ್ಟು ಸಕ್ಕರೆಗಳಿವೆ. ಬಿಟ್ಟೆನೆಂದುಕೊಂಡದ್ದಕ್ಕಿಂತ ದಿನಕ್ಕೆ ಸುಮಾರು 10 ಗ್ರಾಂ ಹೆಚ್ಚೇ ಒಳಗೆ ಹೋಗುತ್ತಿತ್ತು. ಫ್ರಕ್ಟೋಸ್ ಹೆಚ್ಚು ಸಿಹಿ, ಆದ್ದರಿಂದ ಜೇನನ್ನು ಕಡಿಮೆ ಹಾಕಿದರೂ ಸಾಕಾಗುತ್ತದೆ ಎಂಬ ಮಾತು ನಿಜ. ಆದರೆ ಆ ಲಾಭ ಬರುವುದು ನಿಜವಾಗಿಯೂ ಕಡಿಮೆ ಹಾಕಿದವರಿಗೆ ಮಾತ್ರ. ಖನಿಜಗಳ ಮಾತಂತೂ ನಿಲ್ಲುವುದಿಲ್ಲ: ಒಂದು ಚಮಚ ಜೇನಿನಲ್ಲಿ ಇರುವ ಕಬ್ಬಿಣಾಂಶದ ಹತ್ತಾರು ಪಟ್ಟು ಒಂದು ಜೋಳದ ರೊಟ್ಟಿಯಲ್ಲಿದೆ.

ಹಾಗಾದರೆ ಜೇನಿನ ಔಷಧ ಗುಣ ಬರೀ ನಂಬಿಕೆಯೇ? ಅಲ್ಲ, ಎರಡು ಕಡೆ ಅದಕ್ಕೆ ಗಟ್ಟಿ ನೆಲವಿದೆ. ಒಂದು, ಮಕ್ಕಳ ನೆಗಡಿ ಕೆಮ್ಮು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯ ಪ್ರಕಾರ, ಏನೂ ಕೊಡದೆ ಇರುವುದಕ್ಕಿಂತ ಜೇನು ಕೊಟ್ಟಾಗ ಕೆಮ್ಮಿನ ಬಾಧೆ ಬಹುಶಃ ತಗ್ಗುತ್ತದೆ. ಇನ್ನೊಂದು, ಚರ್ಮದ ಮೇಲ್ಭಾಗವಷ್ಟೇ ಸುಟ್ಟ ಗಾಯ. ಇಲ್ಲಿ ಜೇನಿನ ಪಟ್ಟಿ ಕೆಲವು ಸಾಮಾನ್ಯ ಪಟ್ಟಿಗಳಿಗಿಂತ ಬೇಗ ಗಾಯ ಮಾಯಿಸುತ್ತದೆ.

ಕಾರಣಗಳು ಸ್ವಾರಸ್ಯಕರವಾಗಿವೆ. ದಟ್ಟವಾದ ಸಕ್ಕರೆ ಸೂಕ್ಷ್ಮಾಣುಗಳ ಮೈಯ ನೀರನ್ನೇ ಹೀರುತ್ತದೆ. ಈ ಗುಣ ಬಿಳಿ ಸಕ್ಕರೆಗೂ ಇದೆ. ಜೇನಿಗೇ ಸೇರಿದ್ದು ಅದರ ಹುಳಿ ಮತ್ತು ನೊಣ ಬೆರೆಸಿದ ಇನ್ನೊಂದು ಕಿಣ್ವ. ಗಾಯದ ರಸದಲ್ಲಿ ಜೇನು ತೆಳುವಾದಾಗ ಈ ಕಿಣ್ವ ಎಚ್ಚೆತ್ತು, ಗ್ಲುಕೋಸಿನಿಂದ ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಬಿಸಿಗೆ ಈ ಕಿಣ್ವ ಕೆಡುತ್ತದೆ. ಗಾಯಕ್ಕೆ ಬಳಸುವ ಜೇನನ್ನು ಕಾಯಿಸದೆ ವಿಕಿರಣದಿಂದ ಶುದ್ಧಗೊಳಿಸುವುದು ಅದಕ್ಕೇ. ಅಡುಗೆಮನೆಯ ಬಾಟಲಿಯನ್ನು ಗಾಯಕ್ಕೆ ಸುರಿಯಬಾರದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗಂತೂ ಜೇನಿನಿಂದ ಉಪಯೋಗವಿದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಕಾಕಾ ಈಗ ಅರ್ಧ ಚಮಚ ಸಕ್ಕರೆಗೆ ಇಳಿದಿದ್ದಾರೆ. ಜೇನಿನ ಬಾಟಲಿ ನಾಲ್ಕು ವರ್ಷದ ಮೊಮ್ಮಗನ ಕೆಮ್ಮಿಗೆ ಮೀಸಲು. ಕಳೆದ ತಿಂಗಳು ಮನೆಗೆ ಹೊಸ ಕೂಸು ಬಂದಾಗ ಹಿರಿಯರು ಪದ್ಧತಿಯಂತೆ ಅದರ ನಾಲಿಗೆಗೆ ಜೇನು ನೆಕ್ಕಿಸಲು ಹೊರಟರು, ನಾನು ತಡೆದೆ. ಜೇನಿನಲ್ಲಿ ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಬೇರೂರುವುದಿಲ್ಲ, ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಕಕ್ಕಬಹುದು. ಮೊದಲು ಮಲಬದ್ಧತೆ, ಆಮೇಲೆ ಅಳು ಕ್ಷೀಣವಾಗುತ್ತದೆ, ಹಾಲು ಚೀಪಲು ಆಗುವುದಿಲ್ಲ, ಕುತ್ತಿಗೆ ಜೋಲುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಜೇನು ಕೊಟ್ಟಿದ್ದನ್ನು ಮುಚ್ಚಿಡದೆ ವೈದ್ಯರಿಗೆ ಕೂಡಲೇ ಹೇಳಬೇಕು.